ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಅಪ್‌ಡೇಟ್ ಒಲ್ಲೆನ್ನುವುದೇಕೆ?

ಕಲಬುರಗಿಯಿಂದ ಆಳಂದದ ಕಾಲೇಜಿಗೆ ದಿನಾಲೂ ಎಲೆಕ್ಟ್ರಿಕ್ ಕಾರಿನಲ್ಲಿ ಹೋಗಿ ಬರುವ ನನ್ನ ಸೋದರಮಾವನ ಮಗ ಏಪ್ರಿಲ್ ತಿಂಗಳ ಒಂದು ರಾತ್ರಿ ಫೋನ್ ಮಾಡಿದ. ಕಾರಿನ ಪರದೆಯ ಮೇಲೆ ಹೊಸ ಸಾಫ್ಟ್‌ವೇರ್ ಬಂದಿರುವುದಾಗಿ ಮೂರು ದಿನಗಳಿಂದ ಸೂಚನೆ ಬರುತ್ತಿತ್ತು, ಆದರೆ ಅಳವಡಿಸಲು ಒತ್ತಿದರೆ ಬ್ಯಾಟರಿ ಸಾಲದು ಎಂದು ಹೇಳಿ ಅದು ಹಿಂದೆ ಸರಿಯುತ್ತಿತ್ತು. "ಅಣ್ಣಾ, ಗಾಡಿ ಮನಿ ಮುಂದ ನಿಂತದ, ಚಾರ್ಜ್ 68 ಪರ್ಸೆಂಟ್ ಅದ. ಆದ್ರೂ ಬ್ಯಾಟರಿ ಕಡಿಮಿ ಅದ ಅಂತದ. ಇನ್ನೆಷ್ಟು ತುಂಬಬೇಕಂತ ಇದಕ್ಕ?" ಎಂಬುದು ಅವನ ಪ್ರಶ್ನೆ. ಮರುದಿನ ಅವನು ಚಾರ್ಜನ್ನು 100ಕ್ಕೆ ಏರಿಸಿ ನೋಡಿದ. ಆಗಲೂ ಅದೇ ಮಾತು ಬಂತು.

ಕಾರು ಸುಳ್ಳು ಹೇಳುತ್ತಿರಲಿಲ್ಲ. ಅದು ಹೇಳುತ್ತಿದ್ದುದು ಬೇರೆ ಬ್ಯಾಟರಿಯ ಬಗ್ಗೆ. ಎಲೆಕ್ಟ್ರಿಕ್ ಕಾರಿನಲ್ಲಿ ಚಕ್ರ ತಿರುಗಿಸುವ ದೊಡ್ಡ ಬ್ಯಾಟರಿಯಲ್ಲದೆ, ಪೆಟ್ರೋಲ್ ಕಾರಿನಲ್ಲಿರುವಂಥದೇ ಒಂದು ಚಿಕ್ಕ 12 ವೋಲ್ಟ್ ಬ್ಯಾಟರಿಯೂ ಇರುತ್ತದೆ. ದೀಪ, ಬಾಗಿಲಿನ ಲಾಕ್, ಪರದೆ ಮತ್ತು ಕಾರಿನೊಳಗಿನ ಅಷ್ಟೂ ಕಂಪ್ಯೂಟರ್‌ಗಳು ನಡೆಯುವುದು ಇದರಿಂದಲೇ. ಈ ಚಿಕ್ಕ ಬ್ಯಾಟರಿ ಎಷ್ಟು ತುಂಬಿದೆ ಎಂಬುದನ್ನು ಪರದೆ ಸಾಮಾನ್ಯವಾಗಿ ತೋರಿಸುವುದಿಲ್ಲವಾದ್ದರಿಂದ, ಬ್ಯಾಟರಿ ಎಂಬ ಒಂದೇ ಪದ ಮಾಲೀಕನನ್ನು ದಾರಿ ತಪ್ಪಿಸುತ್ತದೆ. ಯಾವ ಬ್ಯಾಟರಿ ಎಂದು ಹೇಳದ ಸೂಚನೆಯನ್ನು ಬರೆದವರು ಮಾಲೀಕನ ಜಾಗದಲ್ಲಿ ನಿಂತು ಒಮ್ಮೆಯೂ ಓದಿ ನೋಡಿಲ್ಲವೆಂದೇ ನನ್ನ ಅನಿಸಿಕೆ.

ಆ ಚಿಕ್ಕ ಬ್ಯಾಟರಿಗೆ ಇಷ್ಟು ಮಹತ್ವ ಬರುವುದು ಏಕೆಂದು ತಿಳಿಯಬೇಕಾದರೆ, ಅಪ್‌ಡೇಟ್ ಎಂಬ ಒಂದೇ ಹೆಸರಿನಲ್ಲಿ ನಡೆಯುವ ಎರಡು ಕೆಲಸಗಳನ್ನು ಬಿಡಿಸಿ ನೋಡಬೇಕು. ಮೊದಲನೆಯದು ಕಡತವನ್ನು ಇಳಿಸಿಕೊಳ್ಳುವುದು, ಎರಡನೆಯದು ಅದನ್ನು ಅಳವಡಿಸುವುದು. ಇಳಿಸಿಕೊಳ್ಳುವ ಕೆಲಸ ಕಾರು ಓಡುತ್ತಿರುವಾಗಲೂ ನಡೆಯಬಹುದು. ಕಾರಿನೊಳಗೆ ಸಿಮ್ ಇರುವ ಒಂದು ಸಂಪರ್ಕ ಪೆಟ್ಟಿಗೆ ಇರುತ್ತದೆ, ಅದು ತಯಾರಕರ ಸರ್ವರ್‌ನಿಂದ ಕಡತವನ್ನು ತುಂಡು ತುಂಡಾಗಿ ತರಿಸಿಕೊಂಡು ಒಂದು ಬದಿಗೆ ಇಟ್ಟುಕೊಳ್ಳುತ್ತದೆ. ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆಯ ಮರೆಯಲ್ಲಿ ನಿಲ್ಲಿಸಿದ ಕಾರಿಗೆ ನೆಟ್‌ವರ್ಕ್ ಸಿಗದೆ ಇಳಿಕೆ ಅರ್ಧಕ್ಕೆ ನಿಂತರೂ, ಕರೆಂಟ್ ಹೋಗಿ ಮನೆಯ ವೈಫೈ ಆರಿದರೂ ಕೆಡುವುದೇನೂ ಇಲ್ಲ, ನೆಟ್‌ವರ್ಕ್ ಮರಳಿದಾಗ ನಿಂತಲ್ಲಿಂದಲೇ ಅದು ಮುಂದುವರಿಯುತ್ತದೆ. ಕಡತ ಪೂರ್ತಿ ಬಂದ ಮೇಲೆ ಅದರ ಡಿಜಿಟಲ್ ಸಹಿಯನ್ನು ಪರೀಕ್ಷಿಸಲಾಗುತ್ತದೆ. ಸಹಿ ತಯಾರಕರದಲ್ಲದಿದ್ದರೆ, ಅಥವಾ ಒಂದು ಬಿಟ್ ಬದಲಾಗಿದ್ದರೂ, ಕಡತವನ್ನು ಅಲ್ಲಿಗೇ ಎಸೆಯಲಾಗುತ್ತದೆ. ಈ ಹಂತದವರೆಗೆ ಕಾರಿನ ಯಾವ ಭಾಗವೂ ಬದಲಾಗಿರುವುದಿಲ್ಲ.

ಅಪಾಯ ಶುರುವಾಗುವುದು ಅಳವಡಿಕೆಯಲ್ಲಿ. ಈಗಿನ ಒಂದು ಕಾರಿನಲ್ಲಿ ಹತ್ತಾರು ನಿಯಂತ್ರಣ ಘಟಕಗಳಿರುತ್ತವೆ: ಬ್ರೇಕಿಗೆ ಒಂದು, ಸ್ಟಿಯರಿಂಗ್‌ಗೆ ಒಂದು, ದೊಡ್ಡ ಬ್ಯಾಟರಿಯನ್ನು ಕಾಯಲು ಒಂದು, ಬಾಗಿಲುಗಳಿಗೆ ಒಂದು, ಹೀಗೆ. ಇವುಗಳಲ್ಲಿ ಪರದೆಯನ್ನು ನಡೆಸುವ ಘಟಕ ಶ್ರೀಮಂತ. ಅದರ ಬಳಿ ಗಿಗಾಬೈಟುಗಟ್ಟಲೆ ಜಾಗವಿರುವುದರಿಂದ ಸಾಫ್ಟ್‌ವೇರ್‌ಗೆ ಎರಡು ಕೋಣೆಗಳನ್ನು ಮಾಡಿಟ್ಟಿರುತ್ತಾರೆ. ಒಂದು ಕೋಣೆಯ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವಾಗಲೇ ಖಾಲಿ ಇರುವ ಇನ್ನೊಂದು ಕೋಣೆಯಲ್ಲಿ ಹೊಸದನ್ನು ಬರೆದು ಮುಗಿಸಿ, ಮುಂದಿನ ಬಾರಿ ಚಾಲೂ ಆಗುವಾಗ ಆ ಕೋಣೆಯಿಂದ ಶುರು ಮಾಡಿದರಾಯಿತು. ಹೊಸದು ಸರಿಯಾಗಿ ಏಳದಿದ್ದರೆ ಹಳೆಯ ಕೋಣೆ ಹಾಗೆಯೇ ಇರುತ್ತದೆ. ನಮ್ಮ ಮೊಬೈಲುಗಳಲ್ಲೂ ಬಹುಪಾಲು ಇದೇ ಪದ್ಧತಿ. ನಕಾಶೆಯ ಅಥವಾ ಹಾಡಿನ ಆಪ್‌ನ ಅಪ್‌ಡೇಟ್‌ಗೆ ಕಾರು ಯಾವ ಶರತ್ತನ್ನೂ ಹಾಕದೆ ಇರುವುದು ಇದರಿಂದಲೇ.

ಆದರೆ ಬ್ರೇಕಿನ ಅಥವಾ ಬ್ಯಾಟರಿ ನಿಯಂತ್ರಣದ ಘಟಕದಲ್ಲಿರುವುದು ಕೆಲವೇ ಮೆಗಾಬೈಟುಗಳ ಫ್ಲ್ಯಾಶ್ ಮೆಮೊರಿ, ಮತ್ತು ಎಷ್ಟೋ ಕಾರುಗಳಲ್ಲಿ ಅದರಲ್ಲಿ ಒಂದೇ ಕೋಣೆ. ಫ್ಲ್ಯಾಶ್‌ನ ಸ್ವಭಾವವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಪಾಟಿಯ ಮೇಲೆ ಒಂದಕ್ಷರ ತಪ್ಪಾದರೆ ಬೆರಳಿನಿಂದ ಅದೊಂದನ್ನೇ ಒರೆಸಿ ತಿದ್ದಬಹುದು, ಫ್ಲ್ಯಾಶ್‌ನಲ್ಲಿ ಹಾಗೆ ಆಗುವುದಿಲ್ಲ. ಒಂದಕ್ಷರ ತಿದ್ದಬೇಕಾದರೂ ಅದು ಇರುವ ಬ್ಲಾಕ್ ಅಷ್ಟನ್ನೂ ಮೊದಲು ಅಳಿಸಬೇಕು, ಆಮೇಲೆ ಮತ್ತೆ ಬರೆಯಬೇಕು. ಒಂದೇ ಕೋಣೆಯ ಘಟಕದಲ್ಲಿ ಇದರ ಅರ್ಥ, ಹೊಸ ಸಾಫ್ಟ್‌ವೇರ್‌ನ ಮೊದಲ ಅಕ್ಷರ ಬರೆಯುವ ಮುನ್ನವೇ ಹಳೆಯದು ಹೋಗಿರುತ್ತದೆ ಎಂಬುದು. ಅಳಿಸಿದ ಕ್ಷಣದಿಂದ ಕೊನೆಯ ಬ್ಲಾಕ್ ಬರೆದು ತಾಳೆ ನೋಡುವವರೆಗೆ ಆ ಘಟಕಕ್ಕೆ ಬ್ರೇಕ್ ಎಂದರೇನು ಎಂಬುದೇ ಗೊತ್ತಿರುವುದಿಲ್ಲ. ಅದರೊಳಗೆ ಉಳಿದಿರುವುದು ಬೂಟ್‌ಲೋಡರ್ ಎಂಬ ಒಂದು ಚಿಕ್ಕ ಪ್ರೋಗ್ರಾಂ ಮಾತ್ರ, ಅದಕ್ಕೆ ಬರುವ ವಿದ್ಯೆಯೂ ಒಂದೇ: ಹೊಸ ಸಾಫ್ಟ್‌ವೇರನ್ನು ಪಡೆದು ಬರೆದುಕೊಳ್ಳುವುದು.

ಕಾರು ನಿಂತಿರಬೇಕು ಎಂಬ ಶರತ್ತಿನ ಮೂಲ ಇಲ್ಲಿದೆ. ಇದು ಅತಿಯಾದ ಎಚ್ಚರಿಕೆಯಲ್ಲ. ಬ್ರೇಕ್ ಪೆಡಲಿನ ಹೈಡ್ರಾಲಿಕ್ ಸಂಪರ್ಕ ಇದ್ದೇ ಇರುತ್ತದೆ ಎಂದು ವಾದಿಸಬಹುದು, ಆದರೆ ಚಕ್ರ ಜಾರದಂತೆ ತಡೆಯುವ ಎಬಿಎಸ್ ಇರುವುದಿಲ್ಲ, ಸ್ಟಿಯರಿಂಗ್ ಘಟಕದ ಸರದಿ ಬಂದಾಗ ತಿರುಗಿಸಲು ಮೋಟಾರಿನ ನೆರವು ಸಿಗುವುದಿಲ್ಲ. ಇನ್ನೂ ಒಂದು ಸಂಗತಿ ಇದೆ. ಬರೆಯುವ ಕೆಲಸಕ್ಕೆ ಅಡ್ಡಿಯಾಗದಿರಲೆಂದು ಕಾರಿನೊಳಗಿನ ಉಳಿದ ಘಟಕಗಳಿಗೂ ಆ ಹೊತ್ತಿನಲ್ಲಿ ಮಾಮೂಲಿ ಮಾತುಕತೆ ನಿಲ್ಲಿಸುವಂತೆ, ದೋಷಗಳನ್ನು ದಾಖಲಿಸದಂತೆ ಆದೇಶ ಹೋಗಿರುತ್ತದೆ. ಅಂದರೆ ಮೌನವಾಗುವುದು ಒಂದು ಘಟಕವಲ್ಲ, ಆ ತಂತಿಯ ಮೇಲಿರುವ ಊರಿಗೆ ಊರೇ. ಆದ್ದರಿಂದಲೇ ಗೇರ್ ಪಾರ್ಕಿಂಗ್‌ನಲ್ಲಿರಬೇಕು, ಪಾರ್ಕಿಂಗ್ ಬ್ರೇಕ್ ಹಾಕಿರಬೇಕು, ಬಾಗಿಲುಗಳು ಮುಚ್ಚಿರಬೇಕು ಎಂದು ಕಾರು ಕೇಳುತ್ತದೆ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರುಗಳಲ್ಲಿ ಅದನ್ನು ಹಾಕುವ ಬಿಡಿಸುವ ಘಟಕವೂ ಅಪ್‌ಡೇಟ್‌ನ ಪಟ್ಟಿಯಲ್ಲಿರಬಹುದಾದ್ದರಿಂದ, ಇಳಿಜಾರಿನಲ್ಲಿ ನಿಲ್ಲಿಸಿ ಅಪ್‌ಡೇಟ್‌ಗೆ ಒಪ್ಪಿಗೆ ಕೊಡದಿರುವುದು ಮೇಲು.

ನಿಂತಿದ್ದರೆ ಸಾಕಲ್ಲ, ಬ್ಯಾಟರಿಯ ಗೊಡವೆ ಏಕೆ ಎಂಬುದಕ್ಕೆ ಉತ್ತರ ಸಮಯದಲ್ಲಿದೆ. ಸಂಪರ್ಕ ಪೆಟ್ಟಿಗೆಗೆ ಕಡತ 4ಜಿ ವೇಗದಲ್ಲಿ ಬಂದಿದ್ದರೂ, ಅಲ್ಲಿಂದ ಘಟಕಕ್ಕೆ ಹೋಗುವ ದಾರಿ ಬಹಳ ಕಿರಿದು. ಬಹುತೇಕ ಕಾರುಗಳಲ್ಲಿ ಘಟಕಗಳನ್ನು ಜೋಡಿಸಿರುವುದು ಕ್ಯಾನ್ ಎಂಬ ಎರಡು ತಂತಿಗಳ ಜಾಲ. ಅದರ ಸಾಮಾನ್ಯ ವೇಗ ಸೆಕೆಂಡಿಗೆ 5 ಲಕ್ಷ ಬಿಟ್‌ಗಳು, ಒಂದು ಸಂದೇಶದಲ್ಲಿ ಹಿಡಿಯುವುದು 8 ಬೈಟ್ ಮಾತ್ರ, ಅದರಲ್ಲೂ ಒಂದು ಬೈಟ್ ಕ್ರಮಸಂಖ್ಯೆಗೆ ಹೋಗುತ್ತದೆ. ಬ್ರೇಕ್ ಘಟಕದ ಸಾಫ್ಟ್‌ವೇರ್ 4 ಮೆಗಾಬೈಟ್ ಇದೆ ಎಂದಿಟ್ಟುಕೊಂಡರೆ ಅದನ್ನು 7 ಬೈಟ್‌ಗಳಂತೆ ಸುಮಾರು 6 ಲಕ್ಷ ತುಣುಕುಗಳಾಗಿ ಕಳಿಸಬೇಕಾಗುತ್ತದೆ. ತಂತಿ ಪೂರ್ತಿ ಬಿಡುವಾಗಿದ್ದರೂ ಸೆಕೆಂಡಿಗೆ ಸುಮಾರು 4 ಸಾವಿರ ತುಣುಕುಗಳು ಹೋದಾವು, ಅಂದರೆ ಎರಡೂವರೆ ನಿಮಿಷ. ಬ್ಲಾಕ್ ಅಳಿಸಲು, ಬರೆಯಲು, ಬರೆದುದನ್ನು ತಾಳೆ ನೋಡಲು ನಡುನಡುವೆ ನಿಲ್ಲಬೇಕಾಗುವುದರಿಂದ ಇದು ಸುಲಭವಾಗಿ ಐದು ನಿಮಿಷವಾಗುತ್ತದೆ. ಎಂಟು ಘಟಕಗಳನ್ನು ಒಂದಾದ ಮೇಲೆ ಒಂದರಂತೆ ಬದಲಿಸಬೇಕಾದರೆ 40 ನಿಮಿಷ. ಹೊಸ ಕಾರುಗಳಲ್ಲಿ ಇದಕ್ಕಿಂತ ಅಗಲವಾದ ದಾರಿಗಳು ಬಂದಿವೆಯಾದರೂ, ರಸ್ತೆಯಲ್ಲಿರುವ ಕಾರುಗಳಲ್ಲಿ ಹೆಚ್ಚಿನವುಗಳ ಸ್ಥಿತಿ ಹೀಗೇ ಇದೆ.

ಈ 40 ನಿಮಿಷವೂ ಕಾರಿನ ಕಂಪ್ಯೂಟರ್‌ಗಳು ಎಚ್ಚರವಾಗಿರಬೇಕು. ಎಲ್ಲವೂ ಸೇರಿ 20 ಆಂಪಿಯರ್ ಎಳೆಯುತ್ತವೆ ಎಂದು ಲೆಕ್ಕಕ್ಕೆ ಹಿಡಿದರೆ, 40 ನಿಮಿಷಕ್ಕೆ ಸುಮಾರು 13 ಆಂಪಿಯರ್-ಅವರ್ ಖರ್ಚಾಗುತ್ತದೆ. 45 ಆಂಪಿಯರ್-ಅವರ್‌ನ ಹೊಸ ಬ್ಯಾಟರಿಗೆ ಇದೇನು ಭಾರವಲ್ಲ ಎನಿಸಬಹುದು. ಆದರೆ ಕಾರು ಲೆಕ್ಕ ಹಾಕುವುದು ಒಂದು ಪಾಳಿಗಲ್ಲ, ಎರಡು ಪಾಳಿಗೆ. ಆರನೆಯ ಘಟಕದಲ್ಲಿ ಏನೋ ತಪ್ಪಿದರೆ ಮೊದಲಿನ ಐದನ್ನೂ ಹಳೆಯ ಸಾಫ್ಟ್‌ವೇರ್‌ಗೆ ಮರಳಿಸಬೇಕಾಗಬಹುದು, ಏಕೆಂದರೆ ಹೊಸ ಬ್ರೇಕ್ ಘಟಕಕ್ಕೂ ಹಳೆಯ ಸ್ಟಿಯರಿಂಗ್ ಘಟಕಕ್ಕೂ ಮಾತು ಕೂಡಬೇಕೆಂಬ ನಿಯಮವೇನಿಲ್ಲ. ಅನೇಕ ದೇಶಗಳಲ್ಲಿ ಇದು ತಯಾರಕರ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ. ವಾಹನಗಳ ಸಾಫ್ಟ್‌ವೇರ್ ಅಪ್‌ಡೇಟ್ ಕುರಿತು ವಿಶ್ವಸಂಸ್ಥೆಯ ವೇದಿಕೆಯಲ್ಲಿ 2020ರಲ್ಲಿ ಒಪ್ಪಿಗೆಯಾಗಿ 2021ರ ಜನವರಿಯಲ್ಲಿ ಜಾರಿಗೆ ಬಂದ ಆರ್156 ಎಂಬ ನಿಯಮಾವಳಿಯ ಪ್ರಕಾರ, ಅಪ್‌ಡೇಟ್ ವಿಫಲವಾದರೆ ವಾಹನ ಹಿಂದಿನ ಆವೃತ್ತಿಗೆ ಮರಳಬೇಕು ಇಲ್ಲವೇ ಸುರಕ್ಷಿತ ಸ್ಥಿತಿಗೆ ಬರಬೇಕು, ಮತ್ತು ಹಾಗೆ ಮರಳಲು ಬೇಕಾಗುವ ಶಕ್ತಿಯೂ ಸೇರಿದಂತೆ ಸಾಕಷ್ಟು ವಿದ್ಯುತ್ ಇದ್ದಾಗ ಮಾತ್ರ ಅಪ್‌ಡೇಟ್ ಆರಂಭವಾಗಬೇಕು. ಓಡುವಾಗ ಮಾಡುವುದು ಸುರಕ್ಷಿತವಲ್ಲದ ಅಪ್‌ಡೇಟ್ ನಡೆಯುತ್ತಿರುವಾಗ ವಾಹನವನ್ನು ಓಡಿಸಲಾಗದಂತೆ ಮಾಡಬೇಕೆಂದೂ ಅದು ಹೇಳುತ್ತದೆ. ಆದ್ದರಿಂದ ನಮ್ಮ ಲೆಕ್ಕದ 13 ಆಂಪಿಯರ್-ಅವರ್ 26 ಆಗುತ್ತದೆ. ಹೊಸ ಬ್ಯಾಟರಿಗೆ ಇದು ಅರ್ಧಕ್ಕಿಂತ ಹೆಚ್ಚು, ಹಳೆಯದಾಗಿ ಸೊರಗಿದ ಬ್ಯಾಟರಿಗೆ ಅಸಾಧ್ಯ.

ಹಾಗಾದರೆ ದೊಡ್ಡ ಬ್ಯಾಟರಿ ಏಕೆ ನೆರವಿಗೆ ಬರುವುದಿಲ್ಲ? ಸಾಮಾನ್ಯ ಹೊತ್ತಿನಲ್ಲಿ ಬರುತ್ತದೆ. ದೊಡ್ಡ ಬ್ಯಾಟರಿಯ ಹೆಚ್ಚಿನ ವೋಲ್ಟೇಜನ್ನು ಇಳಿಸಿ ಚಿಕ್ಕ ಬ್ಯಾಟರಿಗೆ ಕೊಡುವ ಪರಿವರ್ತಕವೊಂದು ಕಾರಿನಲ್ಲಿರುತ್ತದೆ, ಪೆಟ್ರೋಲ್ ಕಾರಿನ ಆಲ್ಟರ್ನೇಟರ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಆದರೆ ದೊಡ್ಡ ಬ್ಯಾಟರಿಯನ್ನು ಹೊರಗಿನ ತಂತಿಗಳಿಗೆ ಜೋಡಿಸುವುದು ಕಾಂಟ್ಯಾಕ್ಟರ್ ಎಂಬ ದಪ್ಪ ಸ್ವಿಚ್, ಆ ಸ್ವಿಚ್ಚನ್ನು ಹಾಕುವ ತೆಗೆಯುವ ಅಧಿಕಾರ ಬ್ಯಾಟರಿ ನಿಯಂತ್ರಣ ಘಟಕದ್ದು. ಅಪ್‌ಡೇಟ್ ಆಗಬೇಕಾದುದು ಅದೇ ಘಟಕವಾದರೆ ಅದರ ನೆನಪು ಅಳಿಸಿರುವ ಹೊತ್ತಿನಲ್ಲಿ ಆ ಸ್ವಿಚ್ ತೆರೆದಿರಲೇಬೇಕು, ಕಾವಲುಗಾರನಿಲ್ಲದೆ ನೂರಾರು ವೋಲ್ಟ್‌ಗಳನ್ನು ಹೊರಗೆ ಬಿಡುವಂತಿಲ್ಲ. ಆ ಗಳಿಗೆಯಲ್ಲಿ ದೊಡ್ಡ ಬ್ಯಾಟರಿ 68ರಲ್ಲಿದ್ದರೂ 100ರಲ್ಲಿದ್ದರೂ ಅದು ಬಾಗಿಲು ಹಾಕಿದ ಉಗ್ರಾಣದಂತೆ. ಚಾರ್ಜಿಂಗ್ ಕೂಡ ಇದೇ ಘಟಕದ ಅಪ್ಪಣೆಯಿಂದ ನಡೆಯುವಂಥದಾದ್ದರಿಂದ, ಪ್ಲಗ್ ಹಾಕಿಟ್ಟರೂ ಅಳವಡಿಕೆಯ ಹೊತ್ತಿನಲ್ಲಿ ಅದು ನಿಲ್ಲುತ್ತದೆ. ನಮ್ಮ ಹುಡುಗನಿಗೆ ಇದ್ದ ಭಯ, ನಡುವೆ ಕರೆಂಟ್ ಹೋದರೆ ಕಾರು ಕೆಡುತ್ತದೆ ಎಂಬುದು. ಇಂಥ ಅಪ್‌ಡೇಟ್ ನಡೆಯುತ್ತಿರುವಾಗ ಗೋಡೆಯ ಕರೆಂಟಿಗೆ ಅದರಲ್ಲಿ ಪಾತ್ರವೇ ಇರುವುದಿಲ್ಲ. ಕರೆಂಟ್ ಬೇಕಾದುದು ಮುಂಚೆ, ಎರಡೂ ಬ್ಯಾಟರಿಗಳನ್ನು ತುಂಬಿಸಿಕೊಳ್ಳಲು.

ಕಂಪನಿಯ ವರ್ಕ್‌ಶಾಪಿನಲ್ಲಿ ತಂತಿ ಹಾಕಿ ಸಾಫ್ಟ್‌ವೇರ್ ಬದಲಿಸುವಾಗ ಗಮನಿಸಿದವರಿಗೆ ನೆನಪಿರಬಹುದು, ಮೊದಲು ಒಂದು ಸ್ಥಿರ ವಿದ್ಯುತ್ತಿನ ಪೆಟ್ಟಿಗೆಯನ್ನು ತಂದು 12 ವೋಲ್ಟ್ ಬ್ಯಾಟರಿಗೆ ಸಿಗಿಸುತ್ತಾರೆ. ಮನೆಯ ಮುಂದೆ ನಿಂತ ಕಾರಿಗೆ ಆ ಪೆಟ್ಟಿಗೆ ಇಲ್ಲ. ವೋಲ್ಟೇಜ್ ಪೂರ್ತಿ ಹೋಗುವುದಷ್ಟೇ ಅಪಾಯವಲ್ಲ, ಬರೆಯುವ ಹೊತ್ತಿನಲ್ಲಿ ಅದು ಕುಗ್ಗುವುದೂ ಅಪಾಯವೇ. ಫ್ಲ್ಯಾಶ್‌ನ ಕೋಶಗಳಿಗೆ ಸಾಕಷ್ಟು ವಿದ್ಯುದಂಶ ತುಂಬದಿದ್ದರೆ ಆಗ ಓದಿದಾಗ ಸರಿಯಾಗಿಯೇ ಕಂಡರೂ, ಮುಂದೆ ಬಿಸಿಯಲ್ಲೋ ದಿನ ಕಳೆದಂತೆಯೋ ತಪ್ಪಾಗಿ ಓದಿಸಿಕೊಳ್ಳಬಹುದು. ಅರ್ಧಕ್ಕೆ ನಿಂತ ಅಪ್‌ಡೇಟ್ ಕೂಡಲೇ ಗೊತ್ತಾಗುತ್ತದೆ, ಅರೆಬರೆ ಬರೆದ ಕೋಶ ಗೊತ್ತಾಗುವುದಿಲ್ಲ. ಹಾಗಾಗಿಯೇ ಘಟಕಗಳು ಸಾಮಾನ್ಯ ಕೆಲಸವನ್ನು ಕಡಿಮೆ ವೋಲ್ಟೇಜಿನಲ್ಲೂ ನಡೆಸುತ್ತವೆಯಾದರೂ, ಬರೆಯುವುದಕ್ಕೆ ತಯಾರಕರು ಅದಕ್ಕಿಂತ ಎತ್ತರದ ಮಿತಿಯನ್ನು ಇಟ್ಟಿರುತ್ತಾರೆ.

ಇನ್ನು ಆ ಚಿಕ್ಕ ಬ್ಯಾಟರಿ ಸೊರಗಿದ್ದು ಹೇಗೆ ಎಂಬ ಪ್ರಶ್ನೆ. ಭಾನುವಾರ ಕಾರಿನ ಮುಂಭಾಗ ತೆರೆದು ನೋಡಿದಾಗ, ಹೊರಗಿನ ಅಂಗಡಿಯೊಂದರಲ್ಲಿ ಕೂಡಿಸಿದ ಕ್ಯಾಮೆರಾದ ತಂತಿ ನೇರವಾಗಿ 12 ವೋಲ್ಟ್ ಬ್ಯಾಟರಿಗೆ ಹೋಗಿದ್ದು ಕಂಡಿತು. ಕಾರು ನಿಂತಿರುವಾಗಲೂ ಕಾವಲು ಕಾಯುವ ಕ್ಯಾಮೆರಾ ಅದು. ಅದು ಎಳೆಯುವುದು 0.3 ಆಂಪಿಯರ್ ಎಂದರೂ ರಾತ್ರಿಯ ಹತ್ತು ಗಂಟೆಗೆ 3 ಆಂಪಿಯರ್-ಅವರ್ ಆಯಿತು. ಇದರ ಜೊತೆಗೆ ಕಲಬುರಗಿಯ ಬಿಸಿಲು. ಸೀಸ-ಆಮ್ಲದ ಬ್ಯಾಟರಿಯ ಆಯುಷ್ಯವು ಸುತ್ತಲ ಉಷ್ಣತೆ ಸುಮಾರು ಹತ್ತು ಡಿಗ್ರಿ ಏರಿದಂತೆಲ್ಲ ಅರ್ಧದಷ್ಟಾಗುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ಬೇಸಿಗೆಯಲ್ಲಿ 40 ದಾಟುವ ಊರಿನಲ್ಲಿ, ಕಾಲೇಜಿನ ಬಯಲಿನಲ್ಲಿ ದಿನವಿಡೀ ನಿಂತ ಕಾರಿನ ಮುಚ್ಚಳದ ಕೆಳಗೆ ಆ ಬ್ಯಾಟರಿ ಮೂರು ಬೇಸಿಗೆ ಕಳೆದಿತ್ತು.

ಕಾರನ್ನು ಬ್ಯಾಟರಿ ಅಂಗಡಿಗೆ ಒಯ್ದೆವು. ಮಾಲೀಕ ಬ್ಯಾಟರಿಯನ್ನು ಕಾರಿನಿಂದ ಬಿಡಿಸಿ, ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು, ಮೀಟರ್ ಹಿಡಿದರು. 12.4 ವೋಲ್ಟ್ ತೋರಿಸಿತು. ಪೂರ್ತಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6ರ ಆಸುಪಾಸು ಇರುತ್ತದೆ, ಅರ್ಧವಾದರೆ 12.2ರ ಹತ್ತಿರ. ಅಂದರೆ ನೋಡಲಿಕ್ಕೆ ಪರವಾಗಿಲ್ಲ. ನಂತರ ಅವರು ಲೋಡ್ ಟೆಸ್ಟರ್ ಹಚ್ಚಿ 15 ಸೆಕೆಂಡ್ ಭಾರ ಹಾಕಿದರು. ಹೀಗೆ ಭಾರ ಹಾಕಿದಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಹೋಗಬಾರದೆಂಬುದು ರೂಢಿಯ ಮಿತಿ. ಮುಳ್ಳು ನಡುಗುತ್ತಾ ಇಳಿದು 9ರ ಕೆಳಗೆ ನಿಂತಿತು. "ನೋಡ್ಲಿಕ್ಕ ಏನೂ ಆಗಿಲ್ರಿ ಸರ್, ಒಳಗ ಜೀವ ಇಲ್ಲ" ಎಂದರು. ವಿಶ್ರಾಂತಿಯ ವೋಲ್ಟೇಜ್ ಮಾತ್ರ ನೋಡಿ ಬ್ಯಾಟರಿ ಚೆನ್ನಾಗಿದೆ ಎಂದು ಹೇಳುವವರನ್ನು ನಂಬಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಬೇಕಿರಲಿಲ್ಲ. ಕಾರಿನ ಸಾಫ್ಟ್‌ವೇರ್‌ಗೂ ಆ ಭೇದ ಗೊತ್ತಿತ್ತು: ಅನೇಕ ಕಾರುಗಳಲ್ಲಿ ಚಿಕ್ಕ ಬ್ಯಾಟರಿಯ ತುದಿಯಲ್ಲೊಂದು ಸಂವೇದಕ ಇರುತ್ತದೆ, ಅದು ವೋಲ್ಟೇಜಿನ ಜೊತೆಗೆ ಹರಿಯುವ ಕರೆಂಟ್ ಮತ್ತು ಉಷ್ಣತೆಯನ್ನೂ ನೋಡಿ ಬ್ಯಾಟರಿಯ ನಿಜವಾದ ಶಕ್ತಿಯನ್ನು ಅಂದಾಜು ಮಾಡುತ್ತದೆ. ಇದನ್ನು ಓದಿ ಮನೆಯಲ್ಲೇ ಪರೀಕ್ಷೆಗೆ ಇಳಿಯುವವರು 12 ವೋಲ್ಟ್ ಬ್ಯಾಟರಿಯ ಆಚೆಗೆ, ಕೇಸರಿ ಬಣ್ಣದ ತಂತಿಗಳ ಕಡೆಗೆ ಕೈ ಚಾಚಬಾರದು. ಅವು ದೊಡ್ಡ ಬ್ಯಾಟರಿಯವು.

ಕಾರು ಒಲ್ಲೆ ಎನ್ನದೆ ಮುಂದುವರಿದು, ನಡುವೆ ಕೈಕೊಟ್ಟಿದ್ದರೆ ಏನಾಗುತ್ತಿತ್ತು? ಹೆಚ್ಚಿನ ಸಂದರ್ಭಗಳಲ್ಲಿ ಬೂಟ್‌ಲೋಡರ್ ಸುರಕ್ಷಿತ ಜಾಗದಲ್ಲಿ ಉಳಿದಿರುವುದರಿಂದ, ವಿದ್ಯುತ್ ಮರಳಿದಾಗ ಘಟಕ ತನ್ನಲ್ಲಿ ಪೂರ್ತಿ ಸಾಫ್ಟ್‌ವೇರ್ ಇಲ್ಲವೆಂದು ಗುರುತಿಸಿ ಬೂಟ್‌ಲೋಡರ್‌ನಲ್ಲೇ ಕಾಯುತ್ತದೆ, ಕಾರು ಮತ್ತೊಮ್ಮೆ ಬರೆಯಲು ಯತ್ನಿಸುತ್ತದೆ. ಅಲ್ಲಿಯವರೆಗೆ ಗಾಡಿ ಚಾಲೂ ಆಗುವುದಿಲ್ಲ. ಬೂಟ್‌ಲೋಡರನ್ನೇ ಬದಲಿಸುವ ಅಪರೂಪದ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಆ ಘಟಕಕ್ಕೆ ಮಾತನಾಡಿಸುವ ದಾರಿಯೇ ಉಳಿಯುವುದಿಲ್ಲ, ಅದನ್ನು ಬಿಚ್ಚಿ ಬದಲಿಸಬೇಕು. ತಮ್ಮ ಕಂಪನಿಯ ಪೂರ್ಣ ಸೌಲಭ್ಯದ ಸರ್ವೀಸ್ ಸೆಂಟರ್ ಹೈದರಾಬಾದಿನಲ್ಲೇ ಇದೆ ಎನ್ನುವವರಿಗೆ ಅದು ಲಾರಿಯ ಮೇಲೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್‌ನ ಪಯಣ.

ಎಲ್ಲ ವೈಫಲ್ಯಕ್ಕೂ ವಿದ್ಯುತ್ತೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. 2023ರ ನವೆಂಬರ್‌ನಲ್ಲಿ ಅಮೆರಿಕದ ರಿವಿಯನ್ ಕಂಪನಿ 2023.42 ಎಂಬ ಅಪ್‌ಡೇಟ್ ಕಳಿಸಿದಾಗ ಹಲವು ಕಾರುಗಳ ಪರದೆಗಳು ಕಪ್ಪಾದವು. ತಪ್ಪು ಭದ್ರತಾ ಪ್ರಮಾಣಪತ್ರಗಳಿದ್ದ ತಪ್ಪು ಕಡತವನ್ನು ಕಳಿಸಿಬಿಟ್ಟಿದ್ದಾಗಿ ಕಂಪನಿಯೇ ಒಪ್ಪಿಕೊಂಡಿತು. ಪರದೆ ಹೋದರೂ ಆ ಕಾರುಗಳು ಓಡಬಲ್ಲವಾಗಿದ್ದವು, ಏಕೆಂದರೆ ಕೆಟ್ಟಿದ್ದು ಪರದೆಯ ಘಟಕವೇ ಹೊರತು ಬ್ರೇಕ್ ಅಥವಾ ಮೋಟಾರಿನದಲ್ಲ. ಇನ್ನೊಂದು ತುದಿಯಲ್ಲಿ, 2018ರಲ್ಲಿ ಟೆಸ್ಲಾ ತನ್ನ ಮಾಡೆಲ್ 3 ಕಾರಿನ ಬ್ರೇಕ್ ಹಿಡಿಯುವ ರೀತಿಯನ್ನೇ ಹೀಗೆ ದೂರದಿಂದ ಬದಲಿಸಿತು. ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆಯ ಪರೀಕ್ಷೆಯಲ್ಲಿ ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು 152 ಅಡಿ ತೆಗೆದುಕೊಂಡಿದ್ದ ಕಾರು, ಅಪ್‌ಡೇಟ್ ಆದ ಮೇಲೆ 133 ಅಡಿಯಲ್ಲಿ ನಿಂತಿತು. ಒಂದು ನಟ್ಟನ್ನೂ ಬಿಚ್ಚದೆ 19 ಅಡಿ ಕಡಿಮೆ ಮಾಡಬಲ್ಲ ಕೈಗೆ, ಎಡವಿದರೆ 19 ಅಡಿ ಹೆಚ್ಚು ಮಾಡುವ ಶಕ್ತಿಯೂ ಇದ್ದೇ ಇದೆ. ಭಾರತದಲ್ಲೂ ಸಾಫ್ಟ್‌ವೇರ್ ಅಪ್‌ಡೇಟ್‌ಗೆಂದೇ ಎಐಎಸ್-190 ಎಂಬ ಮಾನದಂಡವನ್ನು ಆರ್156ರ ಮಾದರಿಯಲ್ಲಿ ರೂಪಿಸಲಾಗಿದೆ.

ಹೊಸ ಬ್ಯಾಟರಿ ಕೂಡಿಸಿ, ಕ್ಯಾಮೆರಾದ ತಂತಿಯನ್ನು ಕಾರು ಆಫ್ ಆದಾಗ ತಾನೂ ಆಫ್ ಆಗುವ ಫ್ಯೂಸಿಗೆ ಬದಲಿಸಿ, ಸೋಮವಾರ ರಾತ್ರಿ ಮನೆಯ ಮುಂದಿನ ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿದೆವು. ಆ ರಾತ್ರಿ ದೊಡ್ಡ ಬ್ಯಾಟರಿ ಇದ್ದದ್ದು 54ರಲ್ಲಿ. ಒಪ್ಪಿಗೆ ಒತ್ತಿದಾಗ ಯಾವ ತಕರಾರೂ ಬರಲಿಲ್ಲ. ಒಂದೆರಡು ನಿಮಿಷದ ಮೇಲೆ ಸೀಟಿನ ಕೆಳಗಿನಿಂದ ಟಕ್ ಎಂಬ ಸದ್ದು ಬಂತು, ಕಾಂಟ್ಯಾಕ್ಟರ್ ತೆರೆದುಕೊಂಡ ಸದ್ದು ಅದು, ಪ್ಲಗ್ಗಿನ ಬಳಿಯ ಹಸಿರು ದೀಪ ಆರಿತು. "ಅಣ್ಣಾ, ಚಾರ್ಜ್ ನಿಂತ್ತು" ಎಂದು ಅವನು ಗಾಬರಿಯಿಂದ ಎದ್ದ. ನಿಲ್ಲಬೇಕಾದುದೇ ಎಂದು ಹೇಳಿ ಕೂಡಿಸಿದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಓಣಿಯ ಕರೆಂಟೂ ಹೋಯಿತು. ಕಾರಿನ ಪರದೆಯ ಮೇಲಿನ ಗೆರೆ ಅದರ ಪಾಡಿಗೆ ಬೆಳೆಯುತ್ತಲೇ ಇತ್ತು. ಮುಕ್ಕಾಲು ಗಂಟೆಯ ನಂತರ ಮತ್ತೊಮ್ಮೆ ಟಕ್ ಎಂದಿತು, ಪರದೆಯಲ್ಲಿ ಆವೃತ್ತಿಯ ಹೊಸ ಸಂಖ್ಯೆ ಮೂಡಿತು. ಹಸಿರು ದೀಪ ಮಾತ್ರ ಹೊತ್ತಿಕೊಳ್ಳಲಿಲ್ಲ, ಓಣಿಗೆ ಇನ್ನೂ ಕರೆಂಟ್ ಬಂದಿರಲಿಲ್ಲ.